ಗ್ರೈಂಡರ್ ಸದ್ದಿನ ನಡುವೆ ದಿನಕ್ಕೆ ನೂರು ಕರೆ: ಬೂಮ್ ಮೈಕ್ ಹೆಡ್‌ಸೆಟ್ ಆರಿಸುವುದು ಹೇಗೆ

ಕಳೆದ ಒಂದು ವರ್ಷದಲ್ಲಿ ನನಗೆ ಪರಿಚಯದ ಐದಾರು ಮಂದಿ ಹೆಡ್‌ಸೆಟ್ ಕೊಂಡು ಕೈಸುಟ್ಟುಕೊಂಡಿದ್ದಾರೆ. ಒಬ್ಬರು ಬಾಗಲಕೋಟೆಯ ಟ್ರಾನ್ಸ್‌ಪೋರ್ಟ್ ಆಫೀಸಿನವರು. ಇನ್ನೊಬ್ಬರು ವಿಜಯಪುರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವವರು. ಉಳಿದವರು ಇಲ್ಲೇ ಬೆಳಗಾವಿಯ ಉದ್ಯಮಬಾಗದವರು. ಎಲ್ಲರದೂ ಒಂದೇ ತಪ್ಪು. ತಮ್ಮ ಕಿವಿಗೆ ಏನು ಕೇಳುತ್ತದೆ ಅಂತ ನೋಡಿ ಕೊಂಡರು, ಆಚೆ ಕಡೆಯವರಿಗೆ ಏನು ಕೇಳುತ್ತದೆ ಅಂತ ನೋಡಲೇ ಇಲ್ಲ.

ನಾನೂ ಅದೇ ಮಾಡಿದ್ದೆ. ನಮ್ಮ ಆಫೀಸು ವರ್ಕ್‌ಶಾಪಿನ ಮೇಲಿನ ಅಂತಸ್ತಿನಲ್ಲಿದೆ. ಕೆಳಗೆ ಎರಡು ಗ್ರೈಂಡರ್, ಒಂದು ಕಂಪ್ರೆಸರ್. ಒಂದೇ ಕೋಣೆಯಲ್ಲಿ ಮೂವರು ಕೂತು ಫೋನಿನಲ್ಲಿ ಆರ್ಡರ್ ತಗೊಳ್ಳುತ್ತೇವೆ. ದುಬಾರಿ ಬ್ಲೂಟೂತ್ ಹೆಡ್‌ಫೋನ್ ತಂದೆ. ಹಾಕಿಕೊಂಡರೆ ನನಗೆ ಕಂಪ್ರೆಸರ್ ಸದ್ದೇ ಇಲ್ಲ, ಸ್ವರ್ಗ. ಆದರೆ ಆ ಕಡೆಯಿಂದ ಬಂದ ಮೊದಲ ಮಾತು: "ಸರ, ನೀವು ಎಲ್ಲೆ ಅದೀರಿ, ಗಿರಣ್ಯಾಗ ಅದೀರೇನು?" ಎರಡನೇ ವಾರ ಒಬ್ಬರಿಗೆ ಬುಷ್ ಒಂದಕ್ಕೆ ಮುನ್ನೂರು ಅಂತ ಹೇಳಿದೆ. ಅವರಿಗೆ ಇನ್ನೂರು ಅಂತ ಕೇಳಿಸಿತು. ನಲವತ್ತು ಬುಷ್, ನಾಲ್ಕು ಸಾವಿರ ರೂಪಾಯಿ ವ್ಯತ್ಯಾಸ. ಅರ್ಧ ಅವರು ಕೊಟ್ಟರು, ಅರ್ಧ ನನ್ನ ತಲೆಗೆ ಬಂತು.

ಈ ಮಾರ್ಗದರ್ಶಿ ಅಂಥ ಜಾಗಗಳಿಗೆ, ಬಾಯಿವರೆಗೆ ಮೈಕ್ ಕಡ್ಡಿ ಬರುವ ಬೂಮ್ ಹೆಡ್‌ಸೆಟ್ ಆರಿಸಲು. ಹಂತಗಳ ಕ್ರಮ ತಪ್ಪಿಸಬೇಡಿ. ಬಹಳ ಜನ ಐದನೇ ಹಂತದಿಂದ ಶುರು ಮಾಡುತ್ತಾರೆ, ಅಂದರೆ ಮೊದಲು ಕಿವಿಗೆ ಮೆತ್ತಗಿದೆಯಾ ಅಂತ ನೋಡುತ್ತಾರೆ.

ಬೇಕಾಗುವ ಸಾಮಾನು

ಇನ್ನೊಂದು ಫೋನು, ಅದನ್ನು ಹಿಡಿದು ದೂರದ ಶಾಂತ ಜಾಗದಲ್ಲಿ ಕೂರುವ ಒಬ್ಬ ಮನುಷ್ಯ, ಒಂದು ಪೆನ್ನು, ಇಪ್ಪತ್ತು ಅಂಕಿಗಳ ಒಂದು ಪಟ್ಟಿ. ಅಷ್ಟೇ. ಪಟ್ಟಿ ಹೇಗಿರಬೇಕು ಅಂತ ಆರನೇ ಹಂತದಲ್ಲಿ ಹೇಳುತ್ತೇನೆ.

## ಹಂತ 1: ದೂರು ಯಾರದ್ದು ಅಂತ ಗೊತ್ತುಮಾಡಿಕೊಳ್ಳಿ

ಒಂದು ದಿನ ಪೂರ್ತಿ ಎರಡು ಕಾಲಂ ಇರುವ ಒಂದು ಚೀಟಿ ಇಡಿ. ನೀವು "ಏನಂದ್ರಿ?" ಅಂದಾಗಲೆಲ್ಲ ಎಡಗಡೆ ಒಂದು ಗೀಟು. ಅವರು "ಏನಂದ್ರಿ?" ಅಂದಾಗ ಬಲಗಡೆ ಒಂದು ಗೀಟು. ಎಡಗಡೆ ಜಾಸ್ತಿ ಇದ್ದರೆ ತೊಂದರೆ ಕಿವಿಯ ಕಡೆ, ಬಲಗಡೆ ಜಾಸ್ತಿ ಇದ್ದರೆ ಮೈಕಿನ ಕಡೆ. ನನ್ನ ಚೀಟಿಯಲ್ಲಿ ಎಡಕ್ಕೆ ನಾಲ್ಕು, ಬಲಕ್ಕೆ ಇಪ್ಪತ್ತಮೂರು ಇತ್ತು. ಆ ದುಬಾರಿ ಹೆಡ್‌ಫೋನ್ ನಾಲ್ಕು ಗೀಟಿನ ಕಾಯಿಲೆಗೆ ಔಷಧ ಆಗಿತ್ತು.

ಗೊಂದಲ ಹುಟ್ಟುವುದು ಡಬ್ಬಿಯ ಮೇಲಿನ ಬರಹದಿಂದ. ಎಎನ್‌ಸಿ ಅಂದರೆ ನಿಮ್ಮ ಕಿವಿಗೆ ಬರುವ ಸದ್ದನ್ನು ಕಡಿಮೆ ಮಾಡುವುದು. ಅದೂ ಕಂಪ್ರೆಸರ್, ಫ್ಯಾನು, ಜನರೇಟರ್ ತರಹದ ಒಂದೇ ಸಮ ಗುಂಯ್‌ಗುಟ್ಟುವ ತಗ್ಗಿನ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದವರ ಮಾತಿಗೆ, ಸುತ್ತಿಗೆ ಏಟಿಗೆ ಅಷ್ಟಿಲ್ಲ. ಗಿರಾಕಿಯ ಕಿವಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಎನ್‌ಸಿ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಮೈಕಿನ ಮಾತು. ಆದರೆ ಈ ಹೆಸರಿಗೆ ಗಟ್ಟಿ ಅಳತೆ ಏನಿಲ್ಲ. ಕಿವಿಯ ಹತ್ತಿರವೇ ಮೈಕ್ ಇರುವ ಸಣ್ಣ ಇಯರ್‌ಬಡ್ ಡಬ್ಬಿಯ ಮೇಲೂ ಅದನ್ನೇ ಹಾಕುತ್ತಾರೆ.

## ಹಂತ 2: ಕೋಣೆಯ ಸದ್ದನ್ನು ಅಳೆಯಿರಿ, ಸಾಧ್ಯವಾದಷ್ಟು ಇಳಿಸಿ

ಮೊಬೈಲಿನ ಡೆಸಿಬಲ್ ಆ್ಯಪ್‌ಗಳು ಅಂದಾಜು ಅಷ್ಟೇ. ಅದಕ್ಕಿಂತ ಸುಲಭದ ದಾರಿ ಇದೆ. ಒಂದು ತೋಳಿನಷ್ಟು ದೂರ ನಿಂತವರ ಜತೆ ಮಾತಾಡಿ. ದನಿ ಏರಿಸದೆ ಕೇಳಿಸುವುದಿಲ್ಲ ಅಂದರೆ ಅಲ್ಲಿ ಸದ್ದು ಸುಮಾರು 85 ಡೆಸಿಬಲ್ ಮುಟ್ಟಿದೆ ಅಂತ ಲೆಕ್ಕ. ಅಲ್ಲಿ ದಿನಕ್ಕೆ ಎಂಟು ಗಂಟೆ ಕೂತರೆ ಕಿವಿಗೇ ಅಪಾಯ. ಅದು ಹೆಡ್‌ಸೆಟ್‌ನಿಂದ ಬಗೆಹರಿಯುವ ಸಮಸ್ಯೆ ಅಲ್ಲ, ಮೇಜನ್ನೇ ಬೇರೆ ಕಡೆ ಒಯ್ಯಬೇಕು.

ನಮ್ಮಲ್ಲಿ ಅಷ್ಟು ಇರಲಿಲ್ಲ. ಆದರೂ ನನ್ನ ಮೇಜು ಕೆಳಗಿನ ಶೆಡ್ಡಿಗೆ ತೆರೆದ ಕಿಟಕಿಯ ಪಕ್ಕದಲ್ಲೇ ಇತ್ತು. ಅದನ್ನು ಎದುರಿನ ಗೋಡೆಗೆ ಹಾಕಿದೆ. ಪೈಸೆ ಖರ್ಚಿಲ್ಲದೆ ಅರ್ಧ ದೂರು ಕಡಿಮೆ ಆಯಿತು. ಇನ್ನೊಂದು ವಿಷಯ: ಬೆಳಗಾವಿಯ ಮಳೆಗಾಲ ಮರೆಯಬೇಡಿ. ಜುಲೈನಲ್ಲಿ ತಗಡಿನ ಶೀಟಿನ ಮೇಲೆ ಮಳೆ ಬಿದ್ದರೆ ಗ್ರೈಂಡರ್ ಸದ್ದೇ ಕೇಳಿಸುವುದಿಲ್ಲ. ಏಪ್ರಿಲ್‌ನಲ್ಲಿ ಸಾಕು ಅನ್ನಿಸಿದ ಹೆಡ್‌ಸೆಟ್ ಜುಲೈನಲ್ಲಿ ಸೋಲಬಹುದು.

## ಹಂತ 3: ಯಾವುದಕ್ಕೆ ಜೋಡಿಸುತ್ತೀರಿ ಅಂತ ತೀರ್ಮಾನಿಸಿ

ಕಂಪ್ಯೂಟರ್‌ನಿಂದ ಕರೆ ಮಾಡುವವರು ಯುಎಸ್‌ಬಿ ತಂತಿಯದ್ದು ತಗೊಳ್ಳಿ, ಮುಗಿಯಿತು. ಹಳೇ ಡೆಸ್ಕ್‌ಟಾಪಿನಲ್ಲಿ ಹಸಿರು, ಗುಲಾಬಿ ಅಂತ ಎರಡು ಬೇರೆ ಬೇರೆ ತೂತು ಇರುತ್ತವೆ. ಮೊಬೈಲ್ ತರಹದ ಒಂದೇ ಪಿನ್ನಿನ ಹೆಡ್‌ಸೆಟ್ ಅಲ್ಲಿ ಹಾಕಿದರೆ ಕೇಳಿಸುತ್ತದೆ, ಆದರೆ ಮೈಕ್ ಕೆಲಸ ಮಾಡುವುದಿಲ್ಲ. ನಡುವೆ ಎರಡು ಬಾಲದ ಸ್ಪ್ಲಿಟರ್ ಬೇಕು. ಪಿನ್ನಿನ ಮೇಲೆ ಮೂರು ಕಪ್ಪು ಉಂಗುರ ಇದ್ದರೆ ಮೈಕ್ ಉಂಟು, ಎರಡೇ ಇದ್ದರೆ ಬರೀ ಸ್ಪೀಕರ್.

ಮೇಜಿನ ಮೇಲಿನ ಟೆಲಿಫೋನಿಗೆ ಹಾಕುವವರು ಎಚ್ಚರ. ರಿಸೀವರ್ ತಂತಿಯ ಆ ಸಣ್ಣ ಚೌಕ ಪ್ಲಗ್ಗು ಎಲ್ಲ ಫೋನಿಗೂ ಕೂಡುತ್ತದೆ, ಆದರೆ ಒಳಗಿನ ನಾಲ್ಕು ತಂತಿಗಳ ಜೋಡಣೆ ಫೋನಿನಿಂದ ಫೋನಿಗೆ ಬದಲಾಗುತ್ತದೆ. ಫೋನಿನ ಮಾದರಿ ಹೇಳಿ ಅದಕ್ಕೆ ಹೊಂದುವ ಕಾರ್ಡನ್ನೇ ಕೇಳಿ.

ಬ್ಲೂಟೂತ್ ಬೇಡವೇ ಬೇಡ ಅಂತಲ್ಲ. ಎದ್ದು ಗೋಡೌನಿಗೆ ಹೋಗಿ ಸ್ಟಾಕ್ ನೋಡಿ ಮಾತಾಡುವವರಿಗೆ ಅದು ಬೇಕು. ಆದರೆ ಕೂತಲ್ಲೇ ನೂರು ಕರೆ ಮಾಡುವವರಿಗೆ ಅದರಿಂದ ಸಿಗುವುದು ಮಧ್ಯಾಹ್ನ ಮೂರು ಗಂಟೆಗೆ ಸಾಯಬಹುದಾದ ಬ್ಯಾಟರಿ. ಮೈಕ್ ಚಾಲೂ ಆದ ಕೂಡಲೇ ಬ್ಲೂಟೂತ್ ಹಾಡಿನ ದಾರಿ ಬಿಟ್ಟು ಕರೆಯ ದಾರಿಗೆ ಬದಲಾಗುತ್ತದೆ. ಅಂಗಡಿಯಲ್ಲಿ ಹಾಡು ಹಾಕಿ ತೋರಿಸಿದ ದನಿ ಕರೆಯಲ್ಲಿ ಬರುವುದಿಲ್ಲ.

## ಹಂತ 4: ಮೈಕ್ ಆರಿಸಿ

ಇಲ್ಲೇ ಜಾಸ್ತಿ ಹೊತ್ತು ನಿಲ್ಲಿ. ಬೂಮ್ ಅಂದರೆ ಬಾಯಿವರೆಗೆ ಬರುವ ಆ ಮೈಕ್ ಕಡ್ಡಿ. ಅದರ ಮೊದಲ ಲಾಭ ಬರೀ ದೂರದ ಲೆಕ್ಕ. ಮೈಕ್ ಬಾಯಿಂದ ಎರಡು ಸೆಂಟಿಮೀಟರ್ ಇದ್ದದ್ದು ನಾಲ್ಕಕ್ಕೆ ಹೋದರೆ ನಿಮ್ಮ ದನಿ 6 ಡೆಸಿಬಲ್ ಇಳಿಯುತ್ತದೆ. ಎಂಟಕ್ಕೆ ಹೋದರೆ ಇನ್ನೂ 6. ಕೋಣೆಯ ಸದ್ದು ಮಾತ್ರ ಅಷ್ಟೇ ಇರುತ್ತದೆ, ಯಾಕೆಂದರೆ ಅದು ಎಲ್ಲ ಕಡೆಯಿಂದಲೂ ಬರುತ್ತಿದೆ. ಹಾಗಾಗಿ ಕೆನ್ನೆಯ ಅರ್ಧಕ್ಕೇ ನಿಲ್ಲುವ ಗಿಡ್ಡ ಕಡ್ಡಿ ನೋಡಲು ಚೆಂದ, ಗಲಾಟೆಯಲ್ಲಿ ಸೋಲುತ್ತದೆ. ಕಡ್ಡಿ ಬಾಯಿಯ ಮೂಲೆ ಮುಟ್ಟಬೇಕು, ಬಗ್ಗಿಸಿದ ಕಡೆಯೇ ನಿಲ್ಲಬೇಕು. ಬಗ್ಗಿಸಿ ಬಿಟ್ಟಾಗ ಮೆಲ್ಲಗೆ ವಾಪಸ್ ಹೋಗುವ ಕಡ್ಡಿ ಮೂರನೇ ತಿಂಗಳಿಗೆ ಗದ್ದದ ಕೆಳಗೆ ಜೋತುಬೀಳುತ್ತದೆ.

ಎರಡನೇ ಲಾಭ ಮೈಕಿನ ಒಳಗಿನದು. ಸದ್ದು ತಗ್ಗಿಸುವ ಮೈಕಿಗೆ ಸಾಮಾನ್ಯವಾಗಿ ಮುಂದೆ ಒಂದು, ಹಿಂದೆ ಒಂದು ತೂತು ಇರುತ್ತವೆ. ದೂರದ ಕಂಪ್ರೆಸರ್ ಸದ್ದು ಎರಡೂ ತೂತಿನಿಂದ ಹೆಚ್ಚುಕಡಿಮೆ ಒಂದೇ ಬಲದಲ್ಲಿ ಒಳಗೆ ಬಂದು ನಡುವಿನ ಪರದೆಯನ್ನು ಎರಡೂ ಕಡೆಯಿಂದ ಒತ್ತುತ್ತದೆ. ಪರದೆ ಅಲುಗಾಡುವುದಿಲ್ಲ, ಸದ್ದು ದಾಟುವುದಿಲ್ಲ. ನಿಮ್ಮ ಬಾಯಿ ಮುಂದಿನ ತೂತಿಗೆ ಬಹಳ ಹತ್ತಿರ ಇರುವುದರಿಂದ ನಿಮ್ಮ ದನಿ ಮುಂದಿನಿಂದ ಜೋರಾಗಿ, ಹಿಂದಿನಿಂದ ಮೆಲ್ಲಗೆ ಬರುತ್ತದೆ. ಪರದೆ ಅಲುಗಾಡುತ್ತದೆ. ಇದಕ್ಕೇ ಮೈಕ್ ತಿರುಗಿ ಕೂತರೆ ಕೆಲಸ ಕೆಡುತ್ತದೆ. ತುದಿಯಲ್ಲಿ ಚುಕ್ಕಿ ಅಥವಾ ಬಾಣದ ಗುರುತು ಇದ್ದರೆ ಅದು ಬಾಯಿಯ ಕಡೆ ಇರಬೇಕು.

ಇದರ ಮಿತಿಯನ್ನೂ ತಿಳಿದುಕೊಳ್ಳಿ. ಗುಂಯ್‌ ಅನ್ನುವ ತಗ್ಗಿನ ಸದ್ದು ಚೆನ್ನಾಗಿ ಕಳೆಯುತ್ತದೆ. ಗ್ರೈಂಡರ್ ಕಬ್ಬಿಣಕ್ಕೆ ಮುಟ್ಟಿದಾಗಿನ ಕಿರ್ರ್ ಅನ್ನುವ ಸದ್ದು ಪೂರ್ತಿ ಹೋಗುವುದಿಲ್ಲ. ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಂತು ತೋರಿಸಿ ಅನ್ನಿ.

ಅಂಗಡಿಯಲ್ಲಿ ಹೀಗೆ ಪರೀಕ್ಷೆ ಮಾಡಬಹುದು. ಮೈಕನ್ನು ಬಾಯಿಯ ಮೂಲೆಗೆ ಇಟ್ಟು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಆಮೇಲೆ ಕಡ್ಡಿಯನ್ನು ಒಂದು ಗೇಣು ದೂರ ಹಿಡಿದು ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ. ಎರಡು ತೂತಿನ ಮೈಕಾದರೆ ಎರಡನೇ ರೆಕಾರ್ಡಿನಲ್ಲಿ ದನಿ ಸಣ್ಣದಾಗುವುದಷ್ಟೇ ಅಲ್ಲ, ತೆಳ್ಳಗೂ ಆಗುತ್ತದೆ, ಡಬ್ಬಿಯೊಳಗಿಂದ ಬಂದ ಹಾಗೆ. ಸಾದಾ ಮೈಕಾದರೆ ದನಿ ಸಣ್ಣದಾಗಬಹುದು, ಆದರೆ ಅದರ ಮೈಕಟ್ಟು ಹಾಗೇ ಇರುತ್ತದೆ. ದೂರದ ದನಿ ಕೆಡಬೇಕು. ಕೆಟ್ಟರೆ ಒಳ್ಳೆಯದು.

ಎರಡು ಮೈಕ್ ಇಟ್ಟು ಒಳಗಿನ ಚಿಪ್ಪಿನಿಂದ ಸದ್ದು ಕಳೆಯುವ ಹೆಡ್‌ಸೆಟ್‌ಗಳೂ ಇವೆ. ಚೆನ್ನಾಗಿರುವವು ಚೆನ್ನಾಗಿಯೇ ಇರುತ್ತವೆ. ಅಗ್ಗದವುಗಳಲ್ಲಿ ಒಂದು ರೋಗ: ಮಾತು ಶುರುವಾಗುವಾಗ ಮೊದಲ ಅಕ್ಷರ ನುಂಗಿಹೋಗುತ್ತದೆ. ನಮ್ಮ ಭಾಷೆಯಲ್ಲಿ ಇದು ದುಬಾರಿ. ಇನ್ನೂರು, ಮುನ್ನೂರು, ಎರಡರಲ್ಲೂ ಮೊದಲ ಅಕ್ಷರ ಹೋದರೆ ಉಳಿಯುವುದು ಒಂದೇ ಬಾಲ. ಆ ನಾಲ್ಕು ಸಾವಿರದ ವ್ಯತ್ಯಾಸ ಬಂದದ್ದೂ ಮೊದಲ ಅಕ್ಷರ ಕೇಳಿಸದೆಯೇ.

## ಹಂತ 5: ಕಿವಿ, ತಲೆ, ಬೆವರು

ಒಂದೇ ಕಿವಿಯದ್ದಾ, ಎರಡೂ ಕಿವಿಯದ್ದಾ? ಎದುರಿಗೆ ಬಂದ ಗಿರಾಕಿಯನ್ನೂ ಮಾತಾಡಿಸಬೇಕಾದವರಿಗೆ ಒಂದೇ ಕಿವಿ. ಬರೀ ಫೋನಿನ ಕೆಲಸ, ಸುತ್ತ ಗಲಾಟೆ ಅಂದರೆ ಎರಡೂ ಕಿವಿ. ಇನ್ನೊಂದು ಕಿವಿಯಿಂದ ಕೋಣೆಯ ಸದ್ದು ಬರುತ್ತಿದ್ದರೆ ನೀವು ವಾಲ್ಯೂಮ್ ಏರಿಸುತ್ತಲೇ ಹೋಗುತ್ತೀರಿ. ಸಂಜೆಗೆ ಕಿವಿಯಲ್ಲಿ ಗುಂಯ್ ಅನ್ನಲು ಶುರುವಾದರೆ ಅದು ಎಚ್ಚರಿಕೆ. ವಾಲ್ಯೂಮ್ ಜಾಸ್ತಿ ಆಗಿದೆ ಅಂತ ಅರ್ಥ.

ಎರಡೂ ಕಿವಿ ಮುಚ್ಚಿದರೆ ಇನ್ನೊಂದು ಸಮಸ್ಯೆ ಬರುತ್ತದೆ. ನಿಮ್ಮ ದನಿಯೇ ನಿಮಗೆ ಸರಿಯಾಗಿ ಕೇಳಿಸದೆ ಗೊತ್ತಿಲ್ಲದೆ ಕೂಗಲು ಶುರು ಮಾಡುತ್ತೀರಿ. ಒಂದು ಕೋಣೆಯಲ್ಲಿ ಮೂವರು ಹೀಗೆ ಕೂಗಿದರೆ ಸಂತೆ. ಅದಕ್ಕೆ ಸೈಡ್‌ಟೋನ್ ಇರುವ ಹೆಡ್‌ಸೆಟ್ ಕೇಳಿ. ಮಾತಾಡುವಾಗ ನಿಮ್ಮ ದನಿಯನ್ನು ಸ್ವಲ್ಪ ನಿಮ್ಮ ಕಿವಿಗೇ ವಾಪಸ್ ಕೇಳಿಸುವ ಏರ್ಪಾಡು ಅದು. ಹಾಕಿಕೊಂಡು ಮೈಕಿನ ಸ್ಪಂಜನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಕಿವಿಯಲ್ಲಿ ಕರಕರ ಕೇಳಿಸಿದರೆ ಇದೆ.

ಕುಶನ್ ಬಗ್ಗೆ: ರೆಕ್ಸಿನ್ ತರಹದ್ದು ಸದ್ದು ತಡೆಯುತ್ತದೆ, ಆದರೆ ವಿಜಯಪುರದ ಏಪ್ರಿಲ್‌ನಲ್ಲಿ ಕಿವಿ ಬೇಯುತ್ತದೆ, ಬೆವರಿಗೆ ಸಿಪ್ಪೆ ಏಳುತ್ತದೆ. ಸ್ಪಂಜಿನದು ತಂಪು, ಆದರೆ ಸದ್ದು ಒಳಗೆ ಬಿಡುತ್ತದೆ. ನನ್ನ ಮಾತು ಕೇಳಿದರೆ ರೆಕ್ಸಿನ್ ತಗೊಳ್ಳಿ, ಬದಲಿ ಕುಶನ್ ಸಿಗುತ್ತದೆಯೇ ಅಂತ ಕೊಳ್ಳುವ ಮೊದಲೇ ಕೇಳಿ. ಕನ್ನಡಕದವರು ಹದಿನೈದು ನಿಮಿಷ ಹಾಕಿಕೊಂಡೇ ನೋಡಿ. ಕನ್ನಡಕದ ಕಡ್ಡಿಯ ಮೇಲೆ ಒತ್ತುವ ನೋವು ಮೊದಲ ಎರಡು ನಿಮಿಷದಲ್ಲಿ ಗೊತ್ತಾಗುವುದಿಲ್ಲ. ಟೋಪಿ ಹಾಕುವ ಹಿರಿಯರು ನಮ್ಮಲ್ಲಿ ಒಬ್ಬರಿದ್ದಾರೆ. ಅವರಿಗೆ ತಲೆಪಟ್ಟಿಯನ್ನು ಕೊನೆಯ ತನಕ ಎಳೆಯಬೇಕಾಯಿತು.

## ಹಂತ 6: ನಿಮ್ಮ ಜಾಗದಲ್ಲೇ, ನಿಮ್ಮ ಸದ್ದಿನಲ್ಲೇ ಪರೀಕ್ಷೆ

ಅಂಗಡಿಯ ಎಸಿ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿರುತ್ತವೆ. ಹಾಗಾಗಿ ವಾಪಸ್ ಕೊಡಬಹುದು ಅಂದವರ ಹತ್ತಿರವೇ ಕೊಳ್ಳಿ. ಮೂವರಿಗೆ ಬೇಕಾದರೂ ಮೊದಲು ಒಂದೇ ತನ್ನಿ.

ಇಪ್ಪತ್ತು ಅಂಕಿ ಬರೆಯಿರಿ. ಸುಮ್ನೆ ಯಾವುದೋ ಅಂಕಿ ಬೇಡ, ತಪ್ಪಾಗುವಂಥವೇ ಇರಲಿ. ಮೂರು, ನೂರು, ಆರು. ಇನ್ನೂರು, ಮುನ್ನೂರು. ಹದಿನಾರು, ಹದಿನೇಳು. ಕೊಲ್ಹಾಪುರ, ಸಾಂಗ್ಲಿ ಕಡೆಯ ಗಿರಾಕಿಗಳಿದ್ದರೆ ಮರಾಠಿಯ ಸಾತ್, ಸಾಠ್ ಎರಡನ್ನೂ ಸೇರಿಸಿ. ಏಳು ಮತ್ತು ಅರವತ್ತರ ನಡುವೆ ಅಲ್ಲಿ ಕೊನೆಯ ಅಕ್ಷರವೊಂದರದ್ದೇ ವ್ಯತ್ಯಾಸ. ಗೆಳೆಯರೊಬ್ಬರನ್ನು ಅವರ ಮನೆಯಲ್ಲಿ ಕೂರಿಸಿ. ಗ್ರೈಂಡರ್ ಓಡುತ್ತಿರುವಾಗ, ದಿನಾ ಯಾವ ದಾರಿಯಲ್ಲಿ ಕರೆ ಮಾಡುತ್ತೀರೋ ಅದೇ ದಾರಿಯಲ್ಲಿ ಕರೆ ಮಾಡಿ. ಕೆಲವು ಕರೆ ಆ್ಯಪ್‌ಗಳು ತಾವೇ ಸದ್ದು ಕಳೆಯುತ್ತವೆ. ಅದರಲ್ಲಿ ಪಾಸಾದದ್ದು ಸಾದಾ ಫೋನ್ ಕರೆಯಲ್ಲಿ ಫೇಲಾಗಬಹುದು. ಅಂಕಿಗಳನ್ನು ಒಂದೊಂದೇ ಹೇಳಿ, ನಡುವೆ ಎರಡು ಸೆಕೆಂಡ್ ಬಿಡಿ. ಅವರು ಕೇಳಿದ್ದನ್ನು ಬರೆಯಲಿ, ಮತ್ತೆ ಕೇಳುವ ಹಾಗಿಲ್ಲ.

ನಮ್ಮಲ್ಲಿ ಬಂದದ್ದು ಹೀಗೆ. ದುಬಾರಿ ಬ್ಲೂಟೂತ್ ಹೆಡ್‌ಫೋನಿನಲ್ಲಿ ಇಪ್ಪತ್ತಕ್ಕೆ ಹನ್ನೊಂದು ಸರಿ. ಮನೆಯಲ್ಲಿ ಬಿದ್ದಿದ್ದ ಹಳೇ ಪಿನ್ ಹೆಡ್‌ಸೆಟ್ಟಿನಲ್ಲಿ ಹದಿಮೂರು. ಎರಡೂವರೆ ಸಾವಿರದ ಯುಎಸ್‌ಬಿ ಬೂಮ್ ಹೆಡ್‌ಸೆಟ್ಟಿನಲ್ಲಿ ಹದಿನಾಲ್ಕು. ನನಗೆ ಸಿಟ್ಟು ಬಂತು. ಆಮೇಲೆ ನೋಡಿದರೆ ಮೈಕ್ ಗದ್ದದ ಹತ್ತಿರ ಇತ್ತು. ಬಾಯಿಯ ಮೂಲೆಗೆ ತಂದು ಅಂಕಿಗಳ ಸಾಲು ಬದಲಿಸಿ ಮತ್ತೆ ಓದಿದೆ: ಹತ್ತೊಂಬತ್ತು. ಅದೇ ಹೆಡ್‌ಸೆಟ್, ನಾಲ್ಕು ಬೆರಳು ಜರುಗಿದ್ದು ಅಷ್ಟೇ. ತಪ್ಪಿದ ಒಂದು ಯಾವುದು ಅಂದರೆ ಸಾಠ್. ಹದಿನೆಂಟಕ್ಕಿಂತ ಕಡಿಮೆ ಬಂದರೆ ನಾನು ವಾಪಸ್ ಕೊಡುತ್ತೇನೆ.

## ಹಂತ 7: ಮೈಕ್ ಕೂರಿಸುವುದು, ಕಂಪ್ಯೂಟರ್ ಹೊಂದಿಸುವುದು

ಮೈಕಿನ ಜಾಗ: ಬಾಯಿಯ ಮೂಲೆಯಿಂದ ಎರಡು ಬೆರಳು ಪಕ್ಕಕ್ಕೆ, ತುಟಿಗಿಂತ ಸ್ವಲ್ಪ ಕೆಳಗೆ. ನೇರ ಬಾಯಿಯ ಮುಂದೆ ಬೇಡ. "ಪ", "ಫ" ಅಂದಾಗ ಉಸಿರು ಹೊಡೆದು ಆ ಕಡೆ ಡಬ್ ಡಬ್ ಅನ್ನುತ್ತದೆ. ಮೂಗಿನ ಕೆಳಗೂ ಬೇಡ, ಉಸಿರಾಟ ಗಾಳಿಯಂತೆ ಕೇಳಿಸುತ್ತದೆ. ಸ್ಪಂಜಿನ ಟೋಪಿ ತೆಗೆಯಬೇಡಿ.

ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು R ಒಟ್ಟಿಗೆ ಒತ್ತಿ, ಇದನ್ನು ಟೈಪ್ ಮಾಡಿ Enter ಒತ್ತಿ:

```
mmsys.cpl
```

Recording ಭಾಗದಲ್ಲಿ ನಿಮ್ಮ ಹೆಡ್‌ಸೆಟ್ ಹೆಸರನ್ನೇ ಡಿಫಾಲ್ಟ್ ಮಾಡಿ. ಬಹಳ ಜನ ಹೆಡ್‌ಸೆಟ್ ಹಾಕಿಕೊಂಡು ಲ್ಯಾಪ್‌ಟಾಪಿನ ಮೈಕಿನಲ್ಲಿ ಮಾತಾಡುತ್ತಿರುತ್ತಾರೆ. ಗೊತ್ತಾಗಲು ಕರೆಯ ನಡುವೆ ಮೈಕಿನ ಸ್ಪಂಜನ್ನು ಕೆರೆದು ಆ ಕಡೆಯವರನ್ನು ಕೇಳಿ. ಕರಕರ ಕೇಳಿಸದಿದ್ದರೆ ಮೈಕ್ ಬೇರೆಯದೇ. ಹೆಡ್‌ಸೆಟ್ ಹೆಸರಿನ Properties ತೆರೆದು Levels ಒಳಗೆ Microphone Boost ಕಂಡರೆ ಸೊನ್ನೆಗೆ ಇಳಿಸಿ. ಪಿನ್ ಹೆಡ್‌ಸೆಟ್‌ಗಳಿಗೆ ಅದು ಹೆಚ್ಚಾಗಿ ಕಾಣುತ್ತದೆ. ದನಿ ಸಣ್ಣದಾಗಿದೆ ಅಂತ ಅದನ್ನು ಏರಿಸಿದರೆ ಗ್ರೈಂಡರ್ ಸದ್ದೂ ಅಷ್ಟೇ ಏರುತ್ತದೆ. ದನಿ ಸಾಲದಿದ್ದರೆ ಮೈಕನ್ನು ಹತ್ತಿರ ತನ್ನಿ.

## ಎಚ್ಚರಿಕೆಯ ಲಕ್ಷಣಗಳು

ಆ ಕಡೆ ಒಂದೇ ಸಮ "ಹೂಂ" ಅನ್ನುವ ತಗ್ಗಿನ ಸದ್ದು ಕೇಳಿಸುತ್ತಿದೆ ಅಂದರೆ ತಕ್ಷಣ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ತಪ್ಪು ಹೆಡ್‌ಸೆಟ್‌ನದಲ್ಲ, ಕರೆಂಟಿನ 50 ಹರ್ಟ್ಸ್ ಸದ್ದು ಒಳಗೆ ಬರುತ್ತಿದೆ. ಹಳೇ ಶೆಡ್ಡುಗಳಲ್ಲಿ ಅರ್ಥಿಂಗ್ ಸರಿ ಇಲ್ಲದ ಕಡೆ ಪಿನ್ ಹೆಡ್‌ಸೆಟ್‌ಗಳಿಗೆ ಇದು ಸಾಮಾನ್ಯ. ವೈರ್‌ಮನ್ ಕರೆಸಿ ಅರ್ಥಿಂಗ್ ನೋಡಿಸಿ, ಅಥವಾ ಯುಎಸ್‌ಬಿ ಹೆಡ್‌ಸೆಟ್ ಹಾಕಿ ನೋಡಿ.

ತಲೆ ತಿರುಗಿಸಿದಾಗ ದನಿ ಬಿಟ್ಟುಬಿಟ್ಟು ಬಂದರೆ ತಂತಿ ಒಳಗೆ ಎಲ್ಲೋ ಮುರಿದಿರಬಹುದು. ಕುರ್ಚಿಯ ಗಾಲಿ ತಂತಿಯ ಮೇಲೆ ಹಾದಿದೆಯಾ ಅಂತಲೂ ನೋಡಿ.

ಚೆನ್ನಾಗಿದ್ದ ಮೈಕ್ ನಿಧಾನಕ್ಕೆ ಮಂಕಾದರೆ ಸ್ಪಂಜು ತೆಗೆದು ಬೆಳಕಿಗೆ ಹಿಡಿಯಿರಿ. ನಮ್ಮಲ್ಲಿ ಒಬ್ಬರಿಗೆ ಎಲೆ ಅಡಿಕೆಯ ಚಟ. ಅವರ ಸ್ಪಂಜು ಆರು ವಾರಕ್ಕೆ ಕೆಂಪಾಗಿ ಗಟ್ಟಿಯಾಗಿತ್ತು, ಮುಂದಿನ ತೂತು ಮುಚ್ಚಿಹೋಗಿತ್ತು. ಮುಂದಿನ ತೂತು ಮುಚ್ಚಿದರೆ ಹಿಂದಿನದೊಂದೇ ಕೆಲಸ ಮಾಡುತ್ತದೆ, ಕೋಣೆಯ ಸದ್ದೆಲ್ಲ ಒಳಗೆ. ಸ್ಪಂಜನ್ನು ತೆಗೆದು ಸೋಪಿನ ನೀರಲ್ಲಿ ಅದ್ದಿ, ಪೂರ್ತಿ ಒಣಗಿಸಿ ಹಾಕಬೇಕು. ಮಳೆಗಾಲದಲ್ಲಿ ಒಣಗಲು ಎರಡು ದಿನ ಬೇಕು. ಹಾಗಾಗಿ ಒಬ್ಬೊಬ್ಬರಿಗೆ ಎರಡೆರಡು ಸ್ಪಂಜು ಇಟ್ಟುಕೊಂಡಿದ್ದೇವೆ, ಹೆಸರು ಬರೆದ ಡಬ್ಬಿಯಲ್ಲಿ. ಒಬ್ಬರದ್ದು ಇನ್ನೊಬ್ಬರು ಹಾಕುವುದಿಲ್ಲ, ಯಾಕೆ ಅಂತ ಆ ಕೆಂಪು ಸ್ಪಂಜು ನೋಡಿದ ಮೇಲೆ ಯಾರೂ ಕೇಳಿಲ್ಲ.